ಚುಚ್ಚದೆ ನೆನಪಿಸುವುದು

‘ಆ್ಯಸ್ ಪರ್ ಮೈ ಲಾಸ್ಟ್ ಇಮೇಲ್’ ಎಂದು ಶುರುವಾಗುವ ಮೇಲ್ ಓದಿದವರಿಗೆ ಮೊದಲು ಕೇಳಿಸುವುದು ‘ನೀವು ಓದಿಲ್ಲ’ ಎಂಬ ಆಕ್ಷೇಪ. ಹಳೆಯ ಮೇಲ್ ಹುಡುಕುವ ಕೆಲಸವೂ ಅವರ ತಲೆಗೇ ಬೀಳುತ್ತದೆ.

ಬಿಲ್ ಪಾಸ್ ಮಾಡಲು ಅಕೌಂಟ್ಸ್‌ನವರು ಜಿಎಸ್‌ಟಿ ನಂಬರನ್ನು ಮತ್ತೆ ಕೇಳಿದ್ದಾರೆ ಎನ್ನಿ. ಹೀಗೆ ಬರೆಯಬಹುದು: ‘ನಮಸ್ಕಾರ. ಜಿಎಸ್‌ಟಿ ನಂಬರ್ ಇರುವ ಬಿಲ್ಲನ್ನು ಜೂನ್ 3ರಂದು ಕಳಿಸಿದ್ದೆ. ನಿಮ್ಮ ಅನುಕೂಲಕ್ಕೆ ಇಲ್ಲೂ ಲಗತ್ತಿಸಿದ್ದೇನೆ; ನಂಬರ್ ಮೊದಲ ಪುಟದ ಮೇಲ್ಭಾಗದಲ್ಲಿದೆ. ಶುಕ್ರವಾರದೊಳಗೆ ಪಾಸಾದರೆ ಉಪಕಾರ.’

ತಾರೀಖು ಇರುವುದರಿಂದ ದಾಖಲೆ ಉಳಿಯಿತು, ತಪ್ಪು ಯಾರದೆಂಬ ಮಾತು ಬರಲಿಲ್ಲ. ‘ಈಗಾಗಲೇ ಹೇಳಿದ್ದೇನಲ್ಲ’, ‘ಮತ್ತೊಮ್ಮೆ ಹೇಳುತ್ತಿದ್ದೇನೆ’ ಎಂಬವನ್ನೂ ಬಿಡಿ, ಮುಳ್ಳಿರುವುದು ಅಲ್ಲೇ. ಎರಡು ಸಲ ನೆನಪಿಸಿಯೂ ಉತ್ತರ ಬಾರದಿದ್ದರೆ ಮೂರನೇ ಮೇಲ್ ಬೇಡ, ಫೋನ್ ಮಾಡಿ.