ಗಣೇಶನ ನೋಟು: ‘ಇದೆ’ಯೋ, ‘ಇತ್ತೋ’?

ಇಂಡೋನೇಷ್ಯಾದ 20,000 ರುಪಿಯಾ ನೋಟಿನ ಚಿತ್ರವೊಂದು ವರ್ಷಗಳಿಂದ ಭಾರತದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಹಸಿರು ನೋಟು, ಅದರಲ್ಲಿ ಒಬ್ಬರ ಮುಖ, ಪಕ್ಕದಲ್ಲಿ ಗಣೇಶ. ಜೊತೆಗೆ ಬರುವ ಒಕ್ಕಣೆ ಹೀಗಿರುತ್ತದೆ: ‘ಮುಸ್ಲಿಮರೇ ಹೆಚ್ಚಿರುವ ದೇಶದ ನೋಟಿನಲ್ಲಿ ಗಣೇಶನಿದ್ದಾನೆ, ಅವನಿಂದಲೇ ಅಲ್ಲಿನ ಆರ್ಥಿಕತೆ ಚೇತರಿಸಿಕೊಂಡಿತು’. 2022ರ ಅಕ್ಟೋಬರಿನಲ್ಲಿ, ಆಗ ದೆಹಲಿಯ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲ್ ಭಾರತದ ನೋಟುಗಳ ಮೇಲೆ ಲಕ್ಷ್ಮೀ-ಗಣೇಶರ ಚಿತ್ರ ಬರಬೇಕೆಂದು ಕೇಳುವಾಗ ಇಂಡೋನೇಷ್ಯಾದ ಉದಾಹರಣೆಯನ್ನೇ ಕೊಟ್ಟಿದ್ದರು.

ಇಂಥ ಚಿತ್ರವನ್ನು ಪರೀಕ್ಷಿಸಲು ಒಕ್ಕಣೆಯನ್ನು ಬದಿಗಿಟ್ಟು, ಚಿತ್ರದೊಳಗಿನ ಅಕ್ಷರಗಳಿಂದ ಶುರುಮಾಡಬೇಕು. ಒಕ್ಕಣೆಯನ್ನು ಯಾರು ಬೇಕಾದರೂ ಸೇರಿಸಬಹುದು; ನೋಟಿನ ಮೇಲಿನ ಅಕ್ಷರಗಳು ಅಚ್ಚಾದಾಗಲೇ ಬಂದವು. ಫಾರ್ವರ್ಡ್ ಆಗಿ ಬರುವ ಚಿತ್ರ ಕುಗ್ಗಿರುವುದರಿಂದ ಸಣ್ಣ ಅಕ್ಷರಗಳು ಕಲಸಿಹೋಗಿರುತ್ತವೆ. ಗೂಗಲ್ ಲೆನ್ಸ್‌ನಲ್ಲಿ ಚಿತ್ರವನ್ನೇ ಹುಡುಕಿದರೆ ಹಳೆಯ ನೋಟು ಸಂಗ್ರಹಿಸುವವರು ಹಾಕಿದ ಸ್ಪಷ್ಟ ಪ್ರತಿ ಸಿಗುತ್ತದೆ.

ಇಂಡೋನೇಷ್ಯಾದ ಭಾಷೆಯನ್ನು ಇಂಗ್ಲಿಷಿನ ಅಕ್ಷರಗಳಲ್ಲೇ ಬರೆಯುತ್ತಾರೆ. ಹಾಗಾಗಿ ಕಂಡದ್ದನ್ನು ಕಂಡಂತೆ ಟೈಪ್ ಮಾಡಿ ಅನುವಾದಿಸಬಹುದು. DUA PULUH RIBU RUPIAH ಎಂದರೆ ಇಪ್ಪತ್ತು ಸಾವಿರ ರುಪಿಯಾ. BANK INDONESIA ಎಂಬುದು ಅಲ್ಲಿನ ಕೇಂದ್ರ ಬ್ಯಾಂಕಿನ ಹೆಸರು. ನೋಟಿನಲ್ಲಿರುವ ವ್ಯಕ್ತಿ ಕಿ ಹಾಜರ್ ದೇವಾಂತರ. ಇವರು 1922ರಲ್ಲಿ ಯೋಗ್ಯಕರ್ತದಲ್ಲಿ ‘ತಾಮನ್ ಸಿಸ್ವಾ’ ಶಾಲೆಗಳನ್ನು ಆರಂಭಿಸಿದವರು, ಸ್ವತಂತ್ರ ಇಂಡೋನೇಷ್ಯಾದ ಮೊದಲ ಶಿಕ್ಷಣ ಮಂತ್ರಿ. ನೋಟಿನ ಹಿಂಬದಿಯಲ್ಲಿರುವುದು ತರಗತಿಯ ದೃಶ್ಯ. ಆಗ ಗಣೇಶ ಅಲ್ಲೇಕಿದ್ದಾನೆ ಎಂಬುದೂ ತಿಳಿಯುತ್ತದೆ. ಆ ದೇಶದಲ್ಲಿ ಅವನು ವಿದ್ಯೆಯ ಸಂಕೇತ. ಬಾಂಡುಂಗ್‌ನ ತಂತ್ರಜ್ಞಾನ ಸಂಸ್ಥೆಯ ಲಾಂಛನದಲ್ಲೂ ಅವನೇ ಇದ್ದಾನೆ. ಶಿಕ್ಷಣಕ್ಕೆ ಮೀಸಲಾದ ನೋಟಿನಲ್ಲಿ ಅವನು ಹಣದ ದೇವರಾಗಿ ಬಂದಿಲ್ಲ.

ಅರ್ಥ ತಿಳಿದ ಮಾತ್ರಕ್ಕೆ ಪರೀಕ್ಷೆ ಮುಗಿಯುವುದಿಲ್ಲ. ನೋಟು 1998ರದು, ಅದು ಈಗಲೂ ಚಲಾವಣೆಯಲ್ಲಿದೆಯೇ ಎಂಬುದಕ್ಕೆ ನೋಟಿನಲ್ಲಿ ಉತ್ತರವಿಲ್ಲ. ಉತ್ತರ ಕೇಂದ್ರ ಬ್ಯಾಂಕಿನ ಪ್ರಕಟಣೆಯಲ್ಲಿದೆ, ಅದೂ ಇಂಡೋನೇಷ್ಯಾದ ಭಾಷೆಯಲ್ಲಿ. ಆದ್ದರಿಂದ ಹುಡುಕುವ ಪದಗಳೂ ಅದೇ ಭಾಷೆಯಲ್ಲಿರಬೇಕು:

```
uang kertas 20000 1998 Ki Hadjar Dewantara ditarik dari peredaran
```

ಇದರ ಮೊದಲೆರಡು ಪದಗಳ ಅರ್ಥ ಕಾಗದದ ಹಣ. ಕೊನೆಯ ಮೂರು ಪದಗಳ ಅರ್ಥ ಚಲಾವಣೆಯಿಂದ ಹಿಂತೆಗೆದ. ಈ ಹುಡುಕಾಟದಲ್ಲಿ ಎರಡು ಕಡೆ ಎಡವಬಹುದು. ದೇವಾಂತರರ ಹೆಸರಿನ ನಡುವಿನ ‘ಜ’ವನ್ನು ಹಳೆಯ ಕಾಗುಣಿತದಲ್ಲಿ dj ಎಂದೂ, 1972ರ ಸುಧಾರಣೆಯ ನಂತರ ಬರೀ j ಎಂದೂ ಬರೆಯುತ್ತಾರೆ, ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಬೇಕು. ಪ್ರಕಟಣೆಯಲ್ಲಿ ಬರುವ Tahun Emisi ಎಂಬುದರ ಅರ್ಥ ನೋಟು ಬಿಡುಗಡೆಯಾದ ವರ್ಷ. ಆದರೆ emisi ಎಂಬ ಪದಕ್ಕೆ ಹೊಗೆ ಹೊರಸೂಸುವುದು ಎಂಬ ಅರ್ಥವೂ ಇರುವುದರಿಂದ ಯಂತ್ರಾನುವಾದ ದಾರಿ ತಪ್ಪಿಸಬಹುದು. ಅನುವಾದ ಅಸಂಬದ್ಧವಾಗಿ ಕಂಡರೆ ಆ ಒಂದು ಪದವನ್ನು ನಿಘಂಟಿನಲ್ಲಿ ನೋಡುವುದೇ ಸರಿ.

ಹುಡುಕಿದಾಗ ಸಿಗುವ ಸಂಗತಿ ಇದು: ಈ ನೋಟನ್ನು 2008ರ ಡಿಸೆಂಬರ್ 31ರಂದು ಹಿಂತೆಗೆಯಲಾಯಿತು. ಬದಲಾಯಿಸಿಕೊಳ್ಳಲು ಕೇಂದ್ರ ಬ್ಯಾಂಕ್ ಕೊಟ್ಟಿದ್ದ ಹತ್ತು ವರ್ಷಗಳ ಗಡುವೂ 2018ರ ಕೊನೆಗೆ ಮುಗಿಯಿತು. 2004ರಲ್ಲಿ ಬಂದ 20,000ದ ನೋಟಿನಲ್ಲಿ ಓಟೋ ಇಸ್ಕಂದರ್ ದಿ ನಾತ ಇದ್ದರು. 2016ರಿಂದ ಇರುವವರು ಸ್ಯಾಮ್ ರತುಲಂಗಿ. ಗಣೇಶ ಎರಡರಲ್ಲೂ ಇಲ್ಲ.

ಇನ್ನು ಒಕ್ಕಣೆಯನ್ನು ಬಿಡಿಬಿಡಿಯಾಗಿ ಅಳೆಯಬಹುದು. ಮುಸ್ಲಿಮರು ಬಹುಸಂಖ್ಯಾತರು ಎಂಬುದು ನಿಜ. 2010ರ ಜನಗಣತಿಯಂತೆ ಅವರ ಪ್ರಮಾಣ ಸುಮಾರು ಶೇ. 87, ಹಿಂದೂಗಳದು ಶೇ. 2ಕ್ಕಿಂತ ಕಡಿಮೆ. ಗಣೇಶನ ನೋಟು ಅಸಲಿ ಎಂಬುದೂ ನಿಜ. ಈಗಲೂ ಅದು ಚಾಲ್ತಿಯಲ್ಲಿದೆ ಎಂಬುದು ಸುಳ್ಳು. ಗಣೇಶನಿಂದ ಆರ್ಥಿಕತೆ ಸುಧಾರಿಸಿತು ಎಂಬುದಕ್ಕೆ ಆಧಾರವಿಲ್ಲ: 1997ರ ಏಷ್ಯಾ ಬಿಕ್ಕಟ್ಟಿಗೆ ಮೊದಲು ಒಂದು ಡಾಲರಿಗೆ ಸುಮಾರು 2,400 ರುಪಿಯಾ ಇತ್ತು, ಮರುವರ್ಷ ಅದು 10,000 ದಾಟಿ ಕುಸಿಯಿತು. ನೋಟು ಬಂದ ಮೇಲೂ ರುಪಿಯಾ ಹಳೆಯ ಮಟ್ಟಕ್ಕೆ ಮರಳಲಿಲ್ಲ.

ಚಿತ್ರ ಅಸಲಿಯಾಗಿದ್ದೂ ಒಕ್ಕಣೆ ತಪ್ಪಾಗಿರಬಹುದು ಎಂಬುದಕ್ಕೆ ಈ ನೋಟು ಸಾಕ್ಷಿ. ಹಂಚಲೇಬೇಕೆಂದಿದ್ದರೆ ಹೀಗೆ ಬರೆದು ಕಳಿಸಬಹುದು: ‘1998ರಿಂದ 2008ರವರೆಗೆ ಇಂಡೋನೇಷ್ಯಾದ ಒಂದು ನೋಟಿನಲ್ಲಿ, ವಿದ್ಯೆಯ ಸಂಕೇತವಾಗಿ, ಗಣೇಶನ ಚಿತ್ರವಿತ್ತು’.