ಮೇಲ್ಮಣ್ಣು ಹೇಳುವ ಸುಳ್ಳು

ಮಾರ್ಚ್ ತಿಂಗಳ ಕೋಲಾರದ ಬಿಸಿಲಿಗೆ ಟೊಮೆಟೊ ಹೊಲದ ಕೆಂಪು ಮಣ್ಣು ನೀರು ಹಾಯಿಸಿದ ಮರುದಿನವೇ ಬಿಳಿಚಿಕೊಳ್ಳುತ್ತದೆ. ಅದನ್ನು ಕಂಡು ಮತ್ತೆ ಮೋಟಾರ್ ಹಾಕುವವರು ಬಹಳ. ಆದರೆ ಒಂದು ಗೇಣು ಕೆದಕಿದರೆ ಕೆಳಗೆ ಮಣ್ಣು ಹಸಿಯಾಗಿಯೇ ಇರುತ್ತದೆ. ಬೇರು ಕುಡಿಯುವುದು ಅಲ್ಲಿಂದ. ಹಾಗಾಗಿ ನೀರಿನ ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು.

ಚೆನ್ನಾಗಿ ನೀರುಂಡ ಮಣ್ಣಿನಿಂದ ಹೆಚ್ಚುವರಿ ನೀರೆಲ್ಲ ಬಸಿದುಹೋದ ಮೇಲೆ ಉಳಿಯುವ ಸ್ಥಿತಿಯನ್ನು ನಾವು ‘ಹದ’ ಎನ್ನುತ್ತೇವೆ. ಗಿಡ ಬಾಡಿ ಮತ್ತೆ ಚೇತರಿಸಿಕೊಳ್ಳಲಾರದ ಸ್ಥಿತಿ ಇನ್ನೊಂದು ತುದಿ. ಇವೆರಡರ ನಡುವಿನ ನೀರು ಮಾತ್ರ ಗಿಡಕ್ಕೆ ದಕ್ಕುವಂಥದ್ದು. ಮರಳು ಮಿಶ್ರಿತ ಕೆಂಪು ಗೋಡು ಮಣ್ಣಿನಲ್ಲಿ ಅದು ಹತ್ತು ಸೆಂ.ಮೀ. ಆಳಕ್ಕೆ ಸುಮಾರು 10 ಮಿ.ಮೀ. ಎಂದಿಟ್ಟುಕೊಳ್ಳೋಣ. ಬೇರು 40 ಸೆಂ.ಮೀ. ಇಳಿದಿದ್ದರೆ ಒಟ್ಟು 40 ಮಿ.ಮೀ. ದಾಸ್ತಾನು. ಆದರೆ ಅದನ್ನು ಪೂರ್ತಿ ಖಾಲಿಯಾಗಲು ಬಿಡುವಂತಿಲ್ಲ. ನೀರು ಕಡಿಮೆಯಾದಷ್ಟೂ ಮಣ್ಣಿನ ಹಿಡಿತ ಬಿಗಿಯಾಗುತ್ತದೆ. ಎಲೆ ಬಾಡುವುದು ನಮ್ಮ ಕಣ್ಣಿಗೆ ಕಾಣುವ ಮೊದಲೇ ಬೆಳವಣಿಗೆ ಕುಂಠಿತವಾಗಿರುತ್ತದೆ. ಟೊಮೆಟೊ ತಡೆದುಕೊಳ್ಳುವುದು ಸುಮಾರು ಶೇ 40ರಷ್ಟು ಖರ್ಚನ್ನು, ಅಂದರೆ ಇಲ್ಲಿ 16 ಮಿ.ಮೀ.

ಇನ್ನು ದಿನದ ಖರ್ಚು. ಹವಾಮಾನ ಕೇಂದ್ರಗಳಲ್ಲಿ ನೀರು ತುಂಬಿದ ದುಂಡನೆಯ ತೊಟ್ಟಿಯೊಂದು ಇರುತ್ತದೆ. ಅದರಲ್ಲಿ ದಿನಕ್ಕೆ 7 ಮಿ.ಮೀ. ಆವಿಯಾಯಿತು ಎನ್ನೋಣ. ಬಯಲಿನ ತೊಟ್ಟಿ ಹಸಿರು ಹೊಲಕ್ಕಿಂತ ಹೆಚ್ಚು ಕಳೆದುಕೊಳ್ಳುವುದರಿಂದ ಅದನ್ನು ಸುಮಾರು 0.7ರಿಂದ ಗುಣಿಸಬೇಕು: 4.9 ಮಿ.ಮೀ. ಇದು ಹುಲ್ಲುಹಾಸಿನ ಲೆಕ್ಕ. ಹೂ, ಕಾಯಿ ತುಂಬಿದ ಟೊಮೆಟೊ ಹುಲ್ಲಿಗಿಂತ ಹೆಚ್ಚು ಕುಡಿಯುತ್ತದೆ, ಅದರ ಗುಣಾಂಕ 1.15. ಹೀಗೆ ಎಲೆ ಬೆವರಿದ್ದು, ಮಣ್ಣಿನಿಂದ ಆವಿಯಾದದ್ದು ಎರಡೂ ಸೇರಿ ದಿನಕ್ಕೆ 5.6 ಮಿ.ಮೀ. ಹದಿನಾರನ್ನು ಇದರಿಂದ ಭಾಗಿಸಿದರೆ ಮೂರು ದಿನಕ್ಕೆ ತುಸು ಕಡಿಮೆ. ಸಾಲಿನಲ್ಲಿ ಹಾಯಿಸುವವರು ಮೂರನೇ ದಿನ ತಪ್ಪಿಸಬಾರದು.

ನಾಟಿಯಾಗಿ ಸ್ವಲ್ಪ ದಿನವಷ್ಟೇ ಆದ ಸಸಿಗೂ ಇದೇ ಲೆಕ್ಕ ಹಾಕಿ ನೋಡಿ. ಬೇರು 20 ಸೆಂ.ಮೀ., ಮಿತಿ 8 ಮಿ.ಮೀ. ಗುಣಾಂಕ 0.6 ಆದ್ದರಿಂದ ದಿನದ ಖರ್ಚು 2.9. ಅಂತರ ಮತ್ತೆ ಮೂರು ದಿನದ ಆಸುಪಾಸೇ! ಬದಲಾಗಿದ್ದು ದಿನವಲ್ಲ, ಪ್ರಮಾಣ. ಸಸಿಗೆ ಬೇಕಾದದ್ದು 8 ಮಿ.ಮೀ.; ಅದಕ್ಕೂ 16 ಕೊಟ್ಟರೆ ಅರ್ಧ ನೀರು ಬೇರಿನ ಕೆಳಗಿಳಿದು, ಯೂರಿಯಾದ ಸಾರಜನಕವನ್ನೂ ಜೊತೆಗೆ ಒಯ್ಯುತ್ತದೆ.

ಡ್ರಿಪ್ ಇದ್ದವರಿಗೆ ಲೆಕ್ಕ ಇನ್ನೊಂದು ತಿರುವು ಪಡೆಯುತ್ತದೆ. ಹನಿ ನೀರು ಹೊಲದ ಅರ್ಧದಷ್ಟನ್ನೇ ನೆನೆಸಿದರೆ ದಾಸ್ತಾನೂ ಅರ್ಧವೇ, ಮಿತಿ 8 ಮಿ.ಮೀ. ಕಾಯಿಯ ಕಾಲದಲ್ಲಿ ಅದು ಒಂದೂವರೆ ದಿನವೂ ಬಾಳದು. ಅದಕ್ಕೇ ಆಯಾ ದಿನದ ಖರ್ಚನ್ನು ಆ ದಿನವೇ ತುಂಬುವುದು ಮೇಲು. ಸೋರಿಕೆ, ಏರುಪೇರುಗಳಿಗೆಂದು ಶೇ 10 ಬಿಟ್ಟರೆ 5.6ರ ಜಾಗದಲ್ಲಿ 6.2 ಮಿ.ಮೀ. ಕೊಡಬೇಕು. ಒಂದು ಚದರ ಮೀಟರಿಗೆ ಒಂದು ಲೀಟರ್ ಎಂದರೆ 1 ಮಿ.ಮೀ.; ಎಕರೆಗೆ ಇದು ಸುಮಾರು 25,000 ಲೀಟರ್. ಪೈಪುಗಳ ನಡುವೆ 1.2 ಮೀಟರ್, ತೂತುಗಳ ನಡುವೆ 40 ಸೆಂ.ಮೀ. ಇದ್ದು, ಒಂದೊಂದರಿಂದ ಗಂಟೆಗೆ 2 ಲೀಟರ್ ಬರುತ್ತಿದ್ದರೆ ಗಂಟೆಗೆ 4.2 ಮಿ.ಮೀ. ಬೀಳುತ್ತದೆ. ಹಾಗಾಗಿ ಒಂದೂವರೆ ಗಂಟೆ ಮೋಟಾರ್ ಓಡಿದರೆ ಸಾಕು. ತೂತು ಕಟ್ಟಿಕೊಂಡಿದ್ದರೆ ಮಾತ್ರ ಈ ಗಂಟೆಯ ಲೆಕ್ಕ ಸುಳ್ಳಾಗುತ್ತದೆ. ಲೋಟ ಇಟ್ಟು ಆಗಾಗ ಅಳೆಯಬೇಕು.

ಮಳೆ ಬಂದರೆ ಜಮೆ ಬರೆಯಬೇಕು, ಆದರೆ ಎಚ್ಚರದಿಂದ. ಖಾಲಿಯಾಗಿದ್ದು 10 ಮಿ.ಮೀ. ಆಗಿರುವಾಗ 30 ಮಿ.ಮೀ. ಸುರಿದರೂ ಜಮೆ ಹತ್ತೇ, ಮಿಕ್ಕಿದ್ದು ಬಸಿದುಹೋಗುತ್ತದೆ.

ಲೆಕ್ಕ ತಪ್ಪಿದರೆ ಗಿಡ ತಿಳಿಸುತ್ತದೆ, ಆದರೆ ತಡವಾಗಿ. ಒಮ್ಮೆ ಬರ, ಒಮ್ಮೆ ಪ್ರವಾಹ ಎಂಬಂತೆ ನೀರು ಕೊಟ್ಟರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪದೆ ಅದರ ತಳ ಕಪ್ಪಾಗಿ ಕುಳಿಬೀಳುತ್ತದೆ. ಒಣಗಿದ ಮೇಲೆ ಒಮ್ಮೆಲೇ ನೀರುಂಡ ಹಣ್ಣು ಬಿರಿಯುತ್ತದೆ. ಅಲ್ಲಿಯವರೆಗೆ ಕಾಯುವ ಬದಲು ವಾರಕ್ಕೊಮ್ಮೆ, ನೀರು ಬಿಡುವ ಮುಂಚೆ, ಬುಡದ ಪಕ್ಕ ಒಂದು ಗೇಣಿಗಿಂತ ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹಿಸುಕಿ. ಬೆರಳಿಗೆ ನೀರಿನ ಪಸೆ ಹತ್ತಿದರೆ ನೀರು ಹೆಚ್ಚಾಗಿದೆ. ಉಂಡೆಯೇ ಕಟ್ಟದೆ ಪುಡಿಯಾದರೆ ತಡವಾಗಿದೆ. ಉಂಡೆ ಕಟ್ಟಿ, ಬೆರಳಿನಿಂದ ಒತ್ತಿದಾಗ ಒಡೆದರೆ ಲೆಕ್ಕ ಸರಿಯಿದೆ. ಪುಸ್ತಕದ ಗುಣಾಂಕಕ್ಕೂ ಮುಷ್ಟಿಯ ಮಣ್ಣಿಗೂ ಜಗಳ ಬಂದರೆ ತಿದ್ದಬೇಕಾದ್ದು ಗುಣಾಂಕವನ್ನು.