ಅತ್ತಿಗೆಗೊಂದು ಚೀಟಿ

ಮನೆ ತುಂಬಿಸಿಕೊಳ್ಳುವ ದಿನ ನಾದಿನಿಗೆ ದೊಡ್ಡ ಪಾತ್ರವಿದೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಅರಿಸಿನಕ್ಕೆ ಸುಣ್ಣ ಬೆರೆಸಿ ಕೆಂಪಾದ ನೀರಿನ ಆರತಿ. ಅಷ್ಟರಲ್ಲಿ ನಾದಿನಿ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳಿಸುತ್ತಾಳೆ, ಹುಟ್ಟುವ ಮಗಳನ್ನು ತನ್ನ ಮಗನಿಗೆ ಕೊಡುವಂತೆ ಕೇಳಿ, ಮಾತು ಪಡೆದ ಮೇಲೆ ದಾರಿ ಬಿಡುತ್ತಾಳೆ. ಕರ್ನಾಟಕದ ಹಲವು ಕಡೆ ಈ ಶಾಸ್ತ್ರ ಇಂದಿಗೂ ನಡೆಯುತ್ತದೆ. ಬಾಗಿಲು ತಡೆದವಳೇ ಮರುದಿನ ಒಳಗಿನ ದಾರಿಯನ್ನೂ ತೋರಿಸಬೇಕೆಂಬುದು ನನ್ನ ಆಸೆ. ಅದಕ್ಕೆ ಒಂದು ಪುಟದ ಚೀಟಿ ಸಾಕು.

ಹೊಸ ಸೊಸೆಗೆ ಮೊದಲ ವಾರ ಕಷ್ಟವಾಗುವುದು ದೊಡ್ಡ ಸಂಗತಿಗಳಲ್ಲ. ಗೀಸರ್ ಸ್ವಿಚ್ ಎಲ್ಲಿದೆ, ಪ್ಯಾಡ್ ಎಲ್ಲಿ ಹಾಕಬೇಕು, ಹಸಿವಾದರೆ ಡಬ್ಬಿ ತೆಗೆಯಬಹುದೇ ಎಂಬಂಥವು. ಮನೆಯವರಿಗೆಲ್ಲ ಇವು ಎಷ್ಟು ರೂಢಿಯೆಂದರೆ ಹೇಳಬೇಕೆಂದೇ ಹೊಳೆಯುವುದಿಲ್ಲ. ಅತ್ತೆಯನ್ನು ಕೇಳಲು ಸಂಕೋಚ. ಗಂಡನನ್ನು ಕೇಳಿದರೆ ಎಷ್ಟೋ ಸಲ ಅವನಿಗೇ ಗೊತ್ತಿರುವುದಿಲ್ಲ. ನಾದಿನಿಗೆ ಎಲ್ಲವೂ ಗೊತ್ತು, ಅವಳು ಅದೇ ಮನೆಯಲ್ಲಿ ಬೆಳೆದವಳು.

ಅಣ್ಣನ ಮದುವೆಯಾದಾಗ ನಾನು ಬರೆದದ್ದು ಹೀಗಿತ್ತು:

“ಅತ್ತಿಗೆ, ಬೀರುವಿನ ಎಡಗಡೆಯ ಎರಡು ಅರೆ ನಿಮಗೆಂದು ಖಾಲಿ ಮಾಡಿದ್ದೇನೆ. ಬಚ್ಚಲಿನ ಚಿಲಕ ಸ್ವಲ್ಪ ಮೇಲಕ್ಕೆತ್ತಿ ಎಳೆದರೆ ಮಾತ್ರ ಬೀಳುತ್ತದೆ. ಪ್ಯಾಡ್, ಹಳೆ ಪೇಪರ್ ಎರಡೂ ಬಚ್ಚಲ ಗೂಡಿನಲ್ಲಿವೆ; ಸುತ್ತಿ ಹಿತ್ತಲ ಬಾಗಿಲ ಹಿಂದಿನ ಮುಚ್ಚಳದ ಬುಟ್ಟಿಗೆ ಹಾಕಿದರಾಯಿತು. ಆ ದಿನಗಳಲ್ಲಿ ದೇವರ ಮನೆಗೆ ಹೋಗುವುದಿಲ್ಲ, ಅಡುಗೆಮನೆಗೆ ಅಡ್ಡಿಯಿಲ್ಲ. ಅಮ್ಮ ಐದೂವರೆಗೆ ಏಳುವುದು ವಾಕಿಂಗಿಗೆ; ನಾನಂತೂ ಏಳಕ್ಕೆ ಏಳುತ್ತಿದ್ದೆ, ಯಾರೂ ಏನೂ ಅಂದವರಲ್ಲ. ಅಪ್ಪನಿಗೆ ಸಕ್ಕರೆಯಿಲ್ಲದ ಕಾಫಿ. ಅವರ ದನಿ ಯಾವಾಗಲೂ ಜೋರು, ಅದು ಕೋಪವಲ್ಲ. ರಾತ್ರಿ ಊಟ ಒಂಬತ್ತರ ಮೇಲೆ. ಅಷ್ಟು ಹೊತ್ತು ಕಾಯಬೇಡಿ, ಕೋಡುಬಳೆ ಫ್ರಿಜ್ ಮೇಲಿನ ಸ್ಟೀಲ್ ಡಬ್ಬಿಯಲ್ಲಿದೆ. ತವರಿಗೆ ಫೋನ್ ಮಾಡಲು ಮಹಡಿ ಮೆಟ್ಟಿಲು ಒಳ್ಳೆಯ ಜಾಗ, ಸಿಗ್ನಲ್ಲೂ ಬರುತ್ತದೆ, ಮಾತು ಕೆಳಗೆ ಕೇಳಿಸುವುದಿಲ್ಲ. ಅಳು ಬಂದರೂ ಅಲ್ಲೇ ಕೂರಬಹುದು. ನಾನೂ ನನ್ನ ಅತ್ತೆಮನೆಯಲ್ಲಿ ಅಂಥದ್ದೇ ಒಂದು ಜಾಗ ಹುಡುಕಿಕೊಂಡಿದ್ದೆ.”

ಇದರಲ್ಲಿ ‘ನೀವು ನಮ್ಮ ಮನೆಯ ಮಗಳಿದ್ದ ಹಾಗೆ’ ಎಂಬ ಮಾತಿಲ್ಲ. ಖಾಲಿ ಮಾಡಿಟ್ಟ ಎರಡು ಅರೆ ಆ ಮಾತನ್ನು ಹೇಳುತ್ತವೆ. ಆದ್ದರಿಂದ ಮೊದಲು ಜಾಗ ಮಾಡಿ, ಆಮೇಲೆ ಪೆನ್ನು ಹಿಡಿಯಿರಿ. ಮುಟ್ಟಿನ ವಿಷಯವನ್ನಂತೂ ಬಿಡಬಾರದು. ಒಂದೊಂದು ಮನೆಯ ಪದ್ಧತಿ ಒಂದೊಂದು ಥರ, ಮೊದಲ ತಿಂಗಳು ಹುಡುಗಿಯರು ಒಳಗೊಳಗೇ ಹೆದರುವುದು ಇದಕ್ಕೇ.

ಇಂಥ ಚೀಟಿ ಕೆಡುವುದು ಗೊತ್ತಿಲ್ಲದೆ ಅಪ್ಪಣೆಯ ಪಟ್ಟಿಯಾದಾಗ. ‘ಅಮ್ಮ ಐದೂವರೆಗೆ ಏಳುತ್ತಾರೆ’ ಎಂದಷ್ಟೇ ಬರೆದು ನಿಲ್ಲಿಸಿದರೆ ಓದುವವಳಿಗೆ ‘ನೀನೂ ಏಳು’ ಎಂದೇ ಕೇಳಿಸುತ್ತದೆ. ಏಕೆ ಏಳುತ್ತಾರೆ, ಉಳಿದವರು ಏನು ಮಾಡುತ್ತಾರೆ ಎಂಬುದೂ ಜೊತೆಗಿದ್ದರೆ ಭಯ ಹೋಗುತ್ತದೆ. ಬರೆದ ಮೇಲೆ ಇತ್ತೀಚೆಗೆ ಮದುವೆಯಾದ ಗೆಳತಿಗೆ ಓದಿ ಹೇಳಿ. ಎಲ್ಲಿ ಅವಳ ಮುಖ ಬಿಗಿಯುತ್ತದೋ ಆ ಸಾಲು ತಿದ್ದಬೇಕು.

ಎರಡನೆಯ ತೊಡಕು ಸಲಿಗೆಯದು. ಹತ್ತಿರವಾಗುವ ಹುಮ್ಮಸ್ಸಿನಲ್ಲಿ ಚಿಕ್ಕಮ್ಮನ ಹಳೆ ಜಗಳ, ಆಸ್ತಿಯ ಮಾತು, ಅಣ್ಣನಿಗೆ ಮೊದಲು ನೋಡಿದ ಸಂಬಂಧಗಳು ಇವೆಲ್ಲ ಕಾಗದಕ್ಕೆ ಇಳಿದುಬಿಡುತ್ತವೆ. ಚೀಟಿ ದಿಂಬಿನ ಕೆಳಗಿಂದ ಯಾರ ಕೈಗೂ ಹೋಗಬಹುದು. ಅತ್ತೆ ಓದಿದರೂ ಮುಜುಗರವಾಗದಂಥದ್ದನ್ನೇ ಬರೆಯಿರಿ. ವಾಟ್ಸ್ಆ್ಯಪ್ ಬೇಡ, ಅದು ಮನೆಯ ಗ್ರೂಪಿಗೆ ದಾಟಲು ಒಂದು ಬೆರಳು ಸಾಕು.

ಗಂಡನ ಅಕ್ಕ ಬರೆಯುವುದಾದರೆ ಹೆಸರು ಹಿಡಿದು, ‘ನೀನು’ ಎಂದೇ ಬರೆಯಬಹುದು. ಆದರೆ ಮನೆಯಿಂದ ಹೋಗಿ ಹತ್ತು ವರ್ಷವಾಗಿದ್ದರೆ ಮೊದಲು ಅಮ್ಮನ ಹತ್ತಿರ ಈಗಿನ ದಿನಚರಿ ವಿಚಾರಿಸಿಕೊಳ್ಳಿ. ಹಳೆಯ ವಿವರ ಕೊಟ್ಟರೆ ಹುಡುಗಿ ಫಜೀತಿಗೆ ಬೀಳುತ್ತಾಳೆ.

ಕೊಡುವ ಹೊತ್ತು, ನೆಂಟರೆಲ್ಲ ಹೊರಟ ಮೇಲಿನ ಸಂಜೆ. ನಾಲ್ಕು ಜನರೆದುರು ‘ಓದಿದ್ರಾ?’ ಎಂದು ಕೇಳಬೇಡಿ, ಉತ್ತರಕ್ಕೂ ಕಾಯಬೇಡಿ. ಆಷಾಢಕ್ಕೆ ತವರಿಗೆ ಹೋದ ಅತ್ತಿಗೆ ಶ್ರಾವಣದಲ್ಲಿ ಮರಳುವಾಗ ಇನ್ನೊಂದು ಸಾಲು ಕಳಿಸಿ: ನಿಮ್ಮ ಮನೆಯ ಸಾರಿನಪುಡಿಯನ್ನೂ ಒಂದು ಡಬ್ಬಿ ತನ್ನಿ, ಇಲ್ಲಿ ವಾರಕ್ಕೊಮ್ಮೆ ಆ ಸಾರೂ ಆಗಲಿ ಎಂದು ಅಮ್ಮ ಒಪ್ಪಿದ್ದಾರೆ.